ಒಂದೇ ಹಾರ್ಮೋನು, ಎರಡು ಸಾಲು

ಬಿ.ಪಿ. ಮಾತ್ರೆಗಳ ಪಟ್ಟಿಯಲ್ಲಿ ಎನಾಲಾಪ್ರಿಲ್ ಮತ್ತು ಲೊಸಾರ್ಟಾನ್ ಎರಡೂ ಒಂದೇ ಹಾರ್ಮೋನನ್ನು ತಡೆಯುತ್ತವೆ. ಆದರೂ ಅವಕ್ಕೆ ಬೇರೆ ಬೇರೆ ಸಾಲು ಏಕೆ?

ತಡೆಯುವ ಜಾಗ ಬೇರೆಯಾದ್ದರಿಂದ. ಮೂತ್ರಪಿಂಡ ಬಿಡುವ ರೆನಿನ್‌ನಿಂದ ರಕ್ತದಲ್ಲಿ ಆಂಜಿಯೊಟೆನ್ಸಿನ್-1 ಹುಟ್ಟುತ್ತದೆ. ಎಸಿಇ ಎಂಬ ಕಿಣ್ವ ಅದನ್ನು ಆಂಜಿಯೊಟೆನ್ಸಿನ್-2 ಮಾಡುತ್ತದೆ. ಇದು ಬೀಗದ ಕೈ ಇದ್ದಂತೆ: ರಕ್ತನಾಳದ ಗೋಡೆಯಲ್ಲಿರುವ ಗ್ರಾಹಕವೆಂಬ ಬೀಗಕ್ಕೆ ಕೂತರೆ ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಎನಾಲಾಪ್ರಿಲ್ ಬೀಗದ ಕೈ ತಯಾರಾಗುವುದನ್ನೇ ತಡೆಯುತ್ತದೆ. ಲೊಸಾರ್ಟಾನ್ ಬೀಗದ ಕಿಂಡಿಯನ್ನು ಮುಚ್ಚುತ್ತದೆ.

ಈ ವ್ಯತ್ಯಾಸ ರೋಗಿಯ ಗಂಟಲಲ್ಲಿ ಗೊತ್ತಾಗುತ್ತದೆ. ಎಸಿಇಗೆ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕೆಲಸವೂ ಇದೆ. ಕಿಣ್ವ ನಿಂತರೆ ಅದು ಶೇಖರವಾಗಿ, ಕೆಲವರಿಗೆ ಕಫವಿಲ್ಲದ ಒಣಕೆಮ್ಮು ಹತ್ತುತ್ತದೆ. ಕೆಮ್ಮಿನ ಸಿರಪ್ ಕುಡಿದರೆ ಅದು ನಿಲ್ಲದು. ವೈದ್ಯರು ಲೊಸಾರ್ಟಾನ್‌ಗೆ ಬದಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ಪರೀಕ್ಷೆಗೆ ಓದುವವರು ಈ ಕೆಮ್ಮನ್ನು ಎನಾಲಾಪ್ರಿಲ್ ಸಾಲಿನಲ್ಲಿ ಬರೆದುಕೊಳ್ಳಲಿ. ‘ಗರ್ಭಿಣಿಯರಿಗೆ ಕೊಡಬಾರದು, ಪೊಟ್ಯಾಸಿಯಂ ಏರಬಹುದು’ ಎಂಬುದು ಮಾತ್ರ ಎರಡೂ ಸಾಲಿಗೆ ಸೇರಬೇಕು.

ಉಳಿದ ಸಾಲುಗಳು ಈ ದಾರಿಯವಲ್ಲ: ಆಮ್ಲೋಡಿಪಿನ್ ಕ್ಯಾಲ್ಸಿಯಂ ಒಳಹೋಗದಂತೆ ಮಾಡಿ ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ಥಯಾಜೈಡ್ ಮೂತ್ರದಲ್ಲಿ ಉಪ್ಪು-ನೀರು ಹೊರಹಾಕುತ್ತದೆ, ಅಟೆನೊಲಾಲ್ ಹೃದಯದ ಬಡಿತ ತಗ್ಗಿಸುತ್ತದೆ.