ಹದಿನಾರು ವಾರದ ಆ ಒಂದು ಇಂಡೆಂಟ್

ಮೃಗಶಿರ ಮಳೆ ಬಿದ್ದು ಸೋಯಾ, ಉದ್ದು, ಹೆಸರು ಬಿತ್ತನೆ ಶುರುವಾಯಿತೆಂದರೆ ಬೀದರ್ ಜಿಲ್ಲೆಯ ಆಸ್ಪತ್ರೆಗಳಿಗೆ ಹಾವು ಕಚ್ಚಿದವರು ಬರತೊಡಗುತ್ತಾರೆ. ಕಳೆ ಕೀಳುವಾಗ ಕೊಳಕುಮಂಡಲ, ರಾತ್ರಿ ನೆಲದ ಮೇಲೆ ಮಲಗಿದಾಗ ಕಟ್ಟುಹಾವು. ವಿಷವೇರಿದ ರೋಗಿಗೆ ಮೊದಲ ಸುತ್ತಿನಲ್ಲೇ 8ರಿಂದ 10 ವಯಲ್ ಪ್ರತಿವಿಷ ಬೇಕು. ಇದಕ್ಕೆ ಬದಲಿ ಔಷಧ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಎಷ್ಟು ಜನರಿಗೆ ಕಚ್ಚಿತು ಎಂಬ ಲೆಕ್ಕ ಇನ್ನು ಸುಧಾರಿಸಬಹುದು. ಆದರೆ ಉಗ್ರಾಣದಲ್ಲಿ ಔಷಧ ಮುಗಿಯುವುದನ್ನು ತಡೆಯಲು ಆ ಒಂದು ಲೆಕ್ಕ ಸಾಲದು.

ಪ್ರತಿವಿಷ ಬರುವ ದಾರಿಯೇ ಉದ್ದ. ದೇಶದಲ್ಲಿ ಇದನ್ನು ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು. ಅವುಗಳಿಗೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಅದು 1978ರಲ್ಲಿ ಹುಟ್ಟಿದ್ದು. ಆ ವಿಷವನ್ನು ಕುದುರೆಗಳಿಗೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸುತ್ತ ಕೊಟ್ಟು, ರಕ್ತ ತೆಗೆದು, ಶುದ್ಧಿ ಮಾಡಿ, ಒಣಗಿಸಿ ಪುಡಿ ಮಾಡುತ್ತಾರೆ. ಟೆಂಡರ್ ಗೆದ್ದ ಕಂಪನಿ ಒಂದೇ ಆಗಿದ್ದು, ಅಲ್ಲಿ ಒಂದು ಬ್ಯಾಚ್ ಕೆಟ್ಟರೆ ಬೀದರ್‌ನವರು ಎಷ್ಟು ಫೋನ್ ಮಾಡಿದರೂ ಕುದುರೆಯನ್ನು ಅವಸರಪಡಿಸಲಾಗದು.

ಹಾಗಾದರೆ ದಾಸ್ತಾನು ಎಷ್ಟಕ್ಕೆ ಇಳಿದಾಗ ಹೊಸ ಇಂಡೆಂಟ್ ಹಾಕಬೇಕು? ಇದೇ ಮರು ಆದೇಶ ಮಟ್ಟ. ಇದರಲ್ಲಿ ಎರಡು ಪಾಲಿದೆ: ಮಾಲು ಬರುವವರೆಗೆ ಸಾಮಾನ್ಯವಾಗಿ ಖರ್ಚಾಗುವಷ್ಟು, ಅದರ ಮೇಲೆ ಏರುಪೇರಿಗೆಂದು ಇಡುವ ಸುರಕ್ಷಾ ದಾಸ್ತಾನು. ಸೂತ್ರ ಹೀಗಿದೆ:

```
ROP = d×L + z×√(L×σd² + d²×σL²)
```

d ವಾರದ ಸರಾಸರಿ ಖರ್ಚು, L ಮಾಲು ಬರಲು ಹಿಡಿಯುವ ಸರಾಸರಿ ವಾರ. σd, σL ಇವೆರಡರ ಏರುಪೇರಿನ ಅಳತೆ. z ನಮಗೆ ಎಷ್ಟು ಭರವಸೆ ಬೇಕೆಂಬುದನ್ನು ಹೇಳುತ್ತದೆ. ನೂರರಲ್ಲಿ 99 ಸಲ ಔಷಧ ಮುಗಿಯಬಾರದೆಂದರೆ ಅದು 2.33.

ಮಳೆಗಾಲದಲ್ಲಿ ಬೀದರ್‌ನ ಉಗ್ರಾಣದಿಂದ ವಾರಕ್ಕೆ 60 ವಯಲ್ ಹೋಗುತ್ತವೆ, ಏರುಪೇರು 25 ಎಂದಿಟ್ಟುಕೊಳ್ಳೋಣ. ಈ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಸರ್ಕಾರಿ ದಾಖಲೆಯವಲ್ಲ. ಹಿಂದಿನ ಹತ್ತು ಇಂಡೆಂಟ್‌ಗಳು ಈಡೇರಲು ಹಿಡಿದ ವಾರಗಳು: 5, 6, 7, 7, 7, 8, 8, 8, 8, 16. ಸರಾಸರಿ 8, ಏರುಪೇರು 3. ಬರುವವರೆಗಿನ ಸಾಮಾನ್ಯ ಖರ್ಚು 480 ವಯಲ್. ಚೌಕದ ಲೆಕ್ಕದಲ್ಲಿ ಖರ್ಚಿನ ಏರುಪೇರು 5,000, ತಡದ ಏರುಪೇರು 32,400. ಕೂಡಿಸಿ ವರ್ಗಮೂಲ ತೆಗೆದರೆ 193. ಅದನ್ನು 2.33ರಿಂದ ಗುಣಿಸಿದರೆ ಸುರಕ್ಷಾ ದಾಸ್ತಾನು ಸುಮಾರು 450. ಅಂದರೆ ದಾಸ್ತಾನು 930ಕ್ಕೆ ಇಳಿದ ದಿನವೇ ಇಂಡೆಂಟ್ ಹೋಗಬೇಕು.

5,000 ಮತ್ತು 32,400, ಈ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮೀಟಿಂಗ್‌ಗಳಲ್ಲಿ ಚರ್ಚೆಯಾಗುವುದು ಬಹುತೇಕ ಬೇಡಿಕೆಯ ಅಂದಾಜು. ಯಾವ ಹೋಬಳಿಯಲ್ಲಿ ಎಷ್ಟು ಕಡಿತ, ಹೋದ ವರ್ಷ ಎಷ್ಟು ಎಂಬುದೇ ಮಾತು. ಪ್ರತಿ ವಾರ ಎಷ್ಟು ವಯಲ್ ಬೇಕೆಂದು ಕರಾರುವಾಕ್ಕಾಗಿ ಗೊತ್ತಾದರೂ ಸುರಕ್ಷಾ ದಾಸ್ತಾನು 450ರಿಂದ 419ಕ್ಕೆ ಇಳಿಯುತ್ತದೆ, ಅಷ್ಟೇ. ಕಂಪನಿ ಎರಡು ವಾರ ಬೇಗ ಕೊಟ್ಟು ಏರುಪೇರು ಹಾಗೇ ಉಳಿದರೂ 443 ಬೇಕು. ಅದೇ 8 ವಾರಕ್ಕೇ ಕೊಡಲಿ, ಆದರೆ ಹೆಚ್ಚುಕಡಿಮೆ ಒಂದು ವಾರದೊಳಗೆ ಇರಲಿ. ಆಗ 216 ಸಾಕು. ಬೇಗ ಕೊಡುವವನಿಗಿಂತ ಹೇಳಿದ ವಾರಕ್ಕೆ ಕೊಡುವವನು ಉಗ್ರಾಣದ ಹೊರೆ ಇಳಿಸುತ್ತಾನೆ. ಟೆಂಡರ್ ಷರತ್ತು ಬರೆಯುವವರು ಕೇಳಬೇಕಾದದ್ದು ಇದನ್ನೇ.

ಇನ್ನು ಆ ಹದಿನಾರು. ರಿಜಿಸ್ಟರ್ ನೋಡುವ ಯಾರಿಗೂ ಅದನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ. ಆ ವರ್ಷ ಏನೋ ತೊಂದರೆಯಾಗಿತ್ತು, ಅದೊಂದು ಅಪವಾದ ಎನ್ನುತ್ತಾರೆ. ಬಿಟ್ಟರೆ ಲೆಕ್ಕ ಚಂದವಾಗಿಯೇ ಬರುತ್ತದೆ. ಸರಾಸರಿ 7 ವಾರ ಚಿಲ್ಲರೆ, ಏರುಪೇರು ಒಂದು ವಾರ, ಮರು ಆದೇಶ ಮಟ್ಟ ಸುಮಾರು 640. ಆದರೆ 640 ವಯಲ್ ಹನ್ನೊಂದು ವಾರಕ್ಕೂ ಸಾಲದು. ಇನ್ನೊಮ್ಮೆ ಹದಿನಾರು ವಾರ ತಡವಾದರೆ ಐದು ವಾರಕ್ಕೂ ಹೆಚ್ಚು ಕಾಲ ಫ್ರಿಜ್ ಖಾಲಿ, ಅದೂ ಮಳೆಗಾಲದ ನಡುವೆ.

ಅದನ್ನು ಸೇರಿಸಿಕೊಂಡರೂ ಸೂತ್ರ ಪೂರ್ತಿ ಕಾಯುವುದಿಲ್ಲ. 16 ವಾರಕ್ಕೆ ಸರಾಸರಿ ಖರ್ಚೇ 960, ನಮ್ಮ ಮಟ್ಟ 930. ಏರುಪೇರು ಎರಡೂ ಕಡೆ ಸಮನಾಗಿ ಹರಡಿದೆ ಎಂದು ಸೂತ್ರ ನಂಬುತ್ತದೆ. ನಿಜದ ತಡ ಹಾಗಿರುವುದಿಲ್ಲ. ಎಷ್ಟು ಬೇಗ ಬಂದರೂ ಐದು ವಾರ ಬೇಕು, ತಡಕ್ಕೆ ಮಾತ್ರ ಮಿತಿ ಇಲ್ಲ. ಹೀಗಾಗಿ 99 ಎಂದು ಬರೆದ ಭರವಸೆ ಕಾಗದದ ಮೇಲೆ ಉಳಿಯುತ್ತದೆ. ಬದಲಿ ಇಲ್ಲದ, ಜೀವ ಉಳಿಸುವ ಔಷಧಕ್ಕೆ ನಾನಾದರೆ ಕಂಡ ಅತಿ ಕೆಟ್ಟ ತಡವನ್ನೇ ಹಿಡಿಯುತ್ತೇನೆ. 960ರ ಮೇಲೆ ಖರ್ಚಿನ ಏರುಪೇರಿಗೆ ಇನ್ನೂ 233, ಒಟ್ಟು 1,193. ಪುಡಿ ರೂಪದ ಪ್ರತಿವಿಷ ವರ್ಷಗಟ್ಟಲೆ ಕೆಡದು. ಹಳೆಯದು ಮೊದಲು ಹೋಗುವಂತೆ ನೋಡಿಕೊಂಡರೆ ಹೆಚ್ಚುವರಿ 263 ವಯಲ್ ಹಾಳಾಗುವುದಿಲ್ಲ. ಬೇಗ ಕೆಡುವ ಔಷಧಕ್ಕೆ ಈ ಮಾತು ಹೊಂದುವುದಿಲ್ಲ.

ವಾರಗಳನ್ನು ಎಣಿಸುವುದರಲ್ಲೂ ತಪ್ಪುತ್ತದೆ. ಲಾರಿ ಬಂದ ದಿನಕ್ಕೆ ಎಣಿಕೆ ನಿಲ್ಲಿಸಬಾರದು. ಬಂದ ಮಾಲನ್ನು ಗುಣಮಟ್ಟದ ವರದಿ ಬರುವವರೆಗೆ ಬೇರೆ ಇಟ್ಟಿದ್ದರೆ ಅದು ಇದ್ದೂ ಇಲ್ಲದಂತೆ. ಇಂಡೆಂಟ್ ಹಾಕಿದ ದಿನದಿಂದ ಭಾಲ್ಕಿಯಂಥ ತಾಲ್ಲೂಕು ಆಸ್ಪತ್ರೆಗೆ ಕಳಿಸಬಹುದಾದ ದಿನದವರೆಗೆ ಎಣಿಸಬೇಕು. ದಾಸ್ತಾನನ್ನು ತಿಂಗಳಿಗೊಮ್ಮೆ ಮಾತ್ರ ನೋಡುವುದಾದರೆ ಆ ನಾಲ್ಕು ವಾರವನ್ನೂ ಸೇರಿಸಬೇಕು. ಆದೇಶ ಕೊಟ್ಟು ಇನ್ನೂ ಬಾರದ ಮಾಲನ್ನು ಕೈಲಿರುವ ದಾಸ್ತಾನಿನ ಜೊತೆ ಕೂಡಿಸಿ ಮಟ್ಟಕ್ಕೆ ಹೋಲಿಸಬೇಕು. ಇಲ್ಲದಿದ್ದರೆ ಗಾಬರಿಯಲ್ಲಿ ಅದೇ ಇಂಡೆಂಟ್ ಎರಡು ಸಲ ಹೋಗುತ್ತದೆ.

ಔರಾದ್, ಭಾಲ್ಕಿಯ ತಾಲ್ಲೂಕು ಆಸ್ಪತ್ರೆಗಳ ಲೆಕ್ಕ ಬೇರೆಯೇ. ಅವರಿಗೆ ಪೂರೈಸುವುದು ಬೀದರ್, ವ್ಯಾನ್ ಅದೇ ವಾರ ಬರುತ್ತದೆ. ಕಂಪನಿಯ ತಡದ ಭಾರವನ್ನು ಅವರು ಹೊರಬೇಕಿಲ್ಲ, ಅದಕ್ಕೆ ಬೀದರ್‌ನಲ್ಲಿ ದಾಸ್ತಾನಿದೆ. ಆದರೆ ಔರಾದ್‌ನಲ್ಲಿ ಒಂದೇ ರಾತ್ರಿ ಇಬ್ಬರು ಬಂದರೆ ಬೀದರ್‌ಗೆ ಓಡುವಷ್ಟು ಸಮಯ ಇರದು. ಆದ್ದರಿಂದ ಇಬ್ಬರಿಗೆ ಎರಡೆರಡು ಸುತ್ತು ಸಾಲುವ 40 ವಯಲ್ ಅಲ್ಲಿ ಸದಾ ಇರಬೇಕು. ಇದಕ್ಕಿಂತ ಹೆಚ್ಚನ್ನು ತಾಲ್ಲೂಕುಗಳಲ್ಲಿ ಹಂಚಿಟ್ಟರೆ, ಭಾಲ್ಕಿಯಲ್ಲಿ ಉಳಿದದ್ದು ಔರಾದ್‌ಗೆ ಬೇಕಾದಾಗ ಸಿಗುವುದಿಲ್ಲ.

ತಾಲ್ಲೂಕಿನಲ್ಲಿ ಕಣ್ತಪ್ಪುವ ಸಂಗತಿ ಇನ್ನೊಂದಿದೆ. ಔರಾದ್ 40 ಕೇಳಿ, ಬೀದರ್ 10 ಕೊಟ್ಟರೆ ಪುಸ್ತಕದಲ್ಲಿ ಉಳಿಯುವುದು 10. ಬರುವ ವರ್ಷದ ಅಂದಾಜು ಆ ಹತ್ತರ ಮೇಲೆ ನಡೆಯುತ್ತದೆ, ಮತ್ತೆ ಕಡಿಮೆ ಬರುತ್ತದೆ. ಔಷಧ ಇಲ್ಲದೆ ಮುಂದಿನ ಆಸ್ಪತ್ರೆಗೆ ಕಳಿಸಿದ ರೋಗಿಯ ಬೇಡಿಕೆಯೂ ಹೀಗೆಯೇ ಅಳಿಸಿಹೋಗುತ್ತದೆ. ಕೊಟ್ಟದ್ದು ಕೇಳಿದ್ದಕ್ಕಿಂತ ಪದೇ ಪದೇ ಕಡಿಮೆ ಇದ್ದರೆ d ಸುಳ್ಳಾಗಿದೆ ಎಂದೇ ತಿಳಿಯಬೇಕು.

ಬೇಸಿಗೆಯ ಸರಾಸರಿಯನ್ನು ಮಳೆಗಾಲಕ್ಕೆ ಹಚ್ಚಲೂಬಾರದು. ಹದಿನಾರು ವಾರವನ್ನು ಗಂಭೀರವಾಗಿ ಹಿಡಿದರೆ ಜೂನ್ ಮಳೆಗೆ ಬೇಕಾದ ಪ್ರತಿವಿಷವನ್ನು ಫೆಬ್ರುವರಿಯಲ್ಲೇ ಕೇಳಬೇಕು. ಹೊಲ ಒಣಗಿ, ಹಾವಿನ ಸುದ್ದಿಯೇ ಇಲ್ಲದೆ, ಆರ್ಥಿಕ ವರ್ಷ ಮುಗಿಯುತ್ತಿರುವ ತಿಂಗಳದು. ಔಷಧ ಉಗ್ರಾಣದವರಲ್ಲಿ, ತಾಲ್ಲೂಕು ಫಾರ್ಮಸಿ ಅಧಿಕಾರಿಗಳಲ್ಲಿ ಒಂದು ಕೋರಿಕೆ: ಸ್ಟಾಕ್ ಬುಕ್ಕಿನಲ್ಲಿ ಇಂಡೆಂಟ್ ಹಾಕಿದ ದಿನ, ಕೇಳಿದ ಸಂಖ್ಯೆ, ಬಳಕೆಗೆ ಸಿಕ್ಕ ದಿನ ಈ ಮೂರಕ್ಕೂ ಒಂದೊಂದು ಅಂಕಣ ಗೆರೆ ಹಾಕಿಕೊಳ್ಳಿ, ತಡವಾಗಿ ಬಂದ ಸಾಲನ್ನು ಯಾವ ಕಾರಣಕ್ಕೂ ಲೆಕ್ಕದಿಂದ ಬಿಡಬೇಡಿ.