ಒಂದು ಡಾಲರ್ 87 ಸೆಂಟ್‌ಗೆ ಇಳಿದ ಶನಿವಾರ

2023ರ ಮಾರ್ಚ್ 10ರ ಶುಕ್ರವಾರ ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ ಅಧಿಕಾರಿಗಳು ಬೀಗ ಹಾಕಿದರು. ಅದೇ ರಾತ್ರಿ ಸರ್ಕಲ್ ಎಂಬ ಕಂಪನಿ ಒಂದು ಸಾಲಿನ ಮಾಹಿತಿ ಹೊರಬಿಟ್ಟಿತು: ತನ್ನ ಸುಮಾರು 4,000 ಕೋಟಿ ಡಾಲರ್ ಮೀಸಲಿನಲ್ಲಿ 330 ಕೋಟಿ ಡಾಲರ್ ಆ ಬ್ಯಾಂಕಿನಲ್ಲೇ ಉಳಿದಿದೆ. ಸರ್ಕಲ್ ಹೊರತರುವ ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್‌ನ ಬೆಲೆ ಯಾವಾಗಲೂ ಒಂದು ಡಾಲರ್ ಇರಬೇಕು. ಮರುದಿನ ಶನಿವಾರ ಅದು 87–88 ಸೆಂಟ್‌ಗೆ ಕುಸಿಯಿತು.

ಇಲ್ಲಿ ಒಂದು ಲೆಕ್ಕ ಹೊಂದುವುದಿಲ್ಲ. 330 ಕೋಟಿ ಎಂದರೆ ಮೀಸಲಿನ ನೂರಕ್ಕೆ 8ರಷ್ಟು. ಅದರಲ್ಲಿ ಒಂದು ಸೆಂಟೂ ವಾಪಸ್ ಬರುವುದಿಲ್ಲ ಎಂದುಕೊಂಡರೂ ಪ್ರತಿ ನಾಣ್ಯದ ಹಿಂದೆ 91 ಸೆಂಟ್‌ಗಿಂತ ಹೆಚ್ಚೇ ಉಳಿಯುತ್ತಿತ್ತು. ಮುಳುಗಿದ ಬ್ಯಾಂಕುಗಳಲ್ಲೂ ಆಸ್ತಿ ಇರುತ್ತದೆ; ಅದನ್ನು ಮಾರಿದಾಗ ಠೇವಣಿದಾರರಿಗೆ ದೊಡ್ಡ ಪಾಲೇ ಸಿಗುವುದುಂಟು. ಹಾಗಿದ್ದೂ ಮಾರುಕಟ್ಟೆ 87ಕ್ಕೆ ಇಳಿದದ್ದೇಕೆ? ಸ್ಟೇಬಲ್‌ಕಾಯಿನ್ ಬೆಲೆ ನಿಲ್ಲುವುದು ಹೇಗೆ, ಜಾರುವುದು ಹೇಗೆ ಎರಡೂ ಈ ಪ್ರಶ್ನೆಯ ಉತ್ತರದಲ್ಲಿವೆ.

ಬೆಲೆ ಹಿಡಿದು ನಿಲ್ಲಿಸುವವರು ಯಾರು?

ಮೀಸಲು ಇದೆ ಎಂದ ಮಾತ್ರಕ್ಕೆ ಬೆಲೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವವರು ವ್ಯಾಪಾರಿಗಳು. ಸರ್ಕಲ್ ಜತೆ ಖಾತೆ ಇರುವ ದೊಡ್ಡ ಸಂಸ್ಥೆಯೊಂದು ಡಾಲರ್ ಕಟ್ಟಿದರೆ ಅಷ್ಟೇ ಹೊಸ ನಾಣ್ಯಗಳು ಹುಟ್ಟುತ್ತವೆ. ನಾಣ್ಯ ಮರಳಿಸಿದರೆ ಅವು ರದ್ದಾಗಿ ಡಾಲರ್ ಕೈಗೆ ಬರುತ್ತದೆ. ಎಕ್ಸ್‌ಚೇಂಜಿನಲ್ಲಿ ಬೆಲೆ 99 ಸೆಂಟ್‌ಗೆ ಇಳಿಯಿತು ಎನ್ನೋಣ. ಈ ಸಂಸ್ಥೆಗಳು ಅಗ್ಗಕ್ಕೆ ಕೊಂಡು, ಸರ್ಕಲ್‌ಗೆ ಕೊಟ್ಟು, ಪೂರ್ತಿ ಡಾಲರ್ ಪಡೆದು ಒಂದು ಸೆಂಟ್ ಉಳಿಸಿಕೊಳ್ಳುತ್ತವೆ. ಅವರು ಕೊಳ್ಳುತ್ತಾ ಹೋದಂತೆ ಬೆಲೆ ಮತ್ತೆ ಡಾಲರ್ ಮುಟ್ಟುತ್ತದೆ. ಬೆಲೆ ಡಾಲರ್ ದಾಟಿದರೆ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ.

ಇದೆಲ್ಲ ನಡೆಯಬೇಕಾದರೆ ನಾಣ್ಯ ಕೊಟ್ಟು ಡಾಲರ್ ಪಡೆಯುವ ಬಾಗಿಲು ತೆರೆದಿರಬೇಕು. ಆ ಶನಿವಾರ ಅದು ಮುಚ್ಚಿತ್ತು. ಬ್ಲಾಕ್‌ಚೈನ್ ದಿನದ 24 ಗಂಟೆಯೂ ಓಡುತ್ತದೆ, ಆದರೆ ಅಮೆರಿಕದ ಬ್ಯಾಂಕುಗಳ ನಡುವೆ ದೊಡ್ಡ ಮೊತ್ತದ ವರ್ಗಾವಣೆ ಆಗ ವಾರಾಂತ್ಯದಲ್ಲಿ ನಡೆಯುತ್ತಿರಲಿಲ್ಲ. ಮಾಮೂಲಿ ದಿನಗಳಲ್ಲಿ ಈ ಅಂತರವನ್ನು ತುಂಬುತ್ತಿದ್ದವು ಸಿಲ್ವರ್‌ಗೇಟ್, ಸಿಗ್ನೇಚರ್ ಎಂಬ ಎರಡು ಬ್ಯಾಂಕುಗಳು. ಕ್ರಿಪ್ಟೊ ಕಂಪನಿಗಳ ನಡುವೆ ಹಗಲು ರಾತ್ರಿ ಡಾಲರ್ ವರ್ಗಾಯಿಸುವ ವ್ಯವಸ್ಥೆ ಅವುಗಳಲ್ಲಿತ್ತು. ಅದೇ ವಾರ ಸಿಲ್ವರ್‌ಗೇಟ್ ವ್ಯವಹಾರ ಮುಚ್ಚುವುದಾಗಿ ಹೇಳಿತ್ತು, ಭಾನುವಾರ ಸಿಗ್ನೇಚರ್‌ಗೂ ಬೀಗ ಬಿತ್ತು. ಕಾಯಿನ್‌ಬೇಸ್ ಎಕ್ಸ್‌ಚೇಂಜ್ ಯುಎಸ್‌ಡಿಸಿಯನ್ನು ಡಾಲರ್‌ಗೆ ಬದಲಿಸಿಕೊಡುವುದನ್ನು ಸೋಮವಾರದವರೆಗೆ ನಿಲ್ಲಿಸಿತು. ಅಗ್ಗಕ್ಕೆ ಕೊಂಡವರಿಗೆ ಕೂಡಲೇ ಡಾಲರ್ ಸಿಗುವ ಭರವಸೆ ಹೋದ ಮೇಲೆ ಕೊಳ್ಳುವವರೂ ಕಡಿಮೆಯಾದರು.

ಮೊದಲು ಓಡಿದವರ ಲಾಭ

ಬಾಗಿಲು ಮುಚ್ಚಿದ್ದು ಕಾರಣದ ಅರ್ಧ ಭಾಗ ಮಾತ್ರ. ಉಳಿದರ್ಧ ಒಂದು ಸರಳ ಭಾಗಾಕಾರದಲ್ಲಿದೆ. ಬ್ಯಾಂಕಿನಲ್ಲಿದ್ದ 330 ಕೋಟಿ ಪೂರ್ತಿ ಹೋಯಿತು, ಉಳಿದದ್ದು 3,670 ಕೋಟಿ ಎಂದಿಟ್ಟುಕೊಳ್ಳಿ. ಸೋಮವಾರ ಬಾಗಿಲು ತೆರೆದು, 4,000 ಕೋಟಿ ನಾಣ್ಯಗಳ ಪೈಕಿ 2,000 ಕೋಟಿಯನ್ನು ಮೊದಲು ಬಂದವರು ಪೂರ್ತಿ ಡಾಲರ್ ದರದಲ್ಲಿ ಮರಳಿಸಿದರೆ ಉಳಿಯುವುದು 1,670 ಕೋಟಿ. ಮಿಕ್ಕ 2,000 ಕೋಟಿ ನಾಣ್ಯಗಳಿಗೆ ಅದನ್ನು ಹಂಚಿದರೆ ತಲಾ 83.5 ಸೆಂಟ್. 3,000 ಕೋಟಿ ನಾಣ್ಯ ಮರಳಿದರೆ ಕೊನೆಯವರಿಗೆ ಸಿಗುವುದು 67 ಸೆಂಟ್. ನಷ್ಟದ ಮೊತ್ತ ಹಿಗ್ಗಿಲ್ಲ, ಅದನ್ನು ಹೊರಬೇಕಾದ ಹೆಗಲುಗಳು ಕಡಿಮೆಯಾಗಿವೆ. ಕ್ಯೂನಲ್ಲಿ ತಾನು ಎಷ್ಟನೆಯವನೋ ಗೊತ್ತಿಲ್ಲದವನಿಗೆ 87 ಸೆಂಟ್‌ಗೆ ಮಾರಿ ಕೈತೊಳೆದುಕೊಳ್ಳುವುದು ತಪ್ಪು ಲೆಕ್ಕವೇನಲ್ಲ.

ಈ ಓಟ ತಪ್ಪಿಸಲೆಂದೇ ಸರ್ಕಲ್ ಶನಿವಾರ ಇನ್ನೊಂದು ಹೇಳಿಕೆ ಕೊಟ್ಟಿತು: ಕೊರತೆ ಬಿದ್ದರೆ ಕಂಪನಿಯ ಸ್ವಂತ ಹಣದಿಂದ, ಬೇಕಾದರೆ ಹೊರಗಿನ ಬಂಡವಾಳ ತಂದು ತುಂಬುತ್ತೇವೆ. ಬೆಲೆ ಚೇತರಿಸತೊಡಗಿತು. ಪೂರ್ತಿ ಗುಣವಾಗಿದ್ದು ಭಾನುವಾರ ಸಂಜೆ ಅಮೆರಿಕದ ಹಣಕಾಸು ಇಲಾಖೆ, ಫೆಡರಲ್ ರಿಸರ್ವ್ ಮತ್ತು ಠೇವಣಿ ವಿಮಾ ಸಂಸ್ಥೆ ಒಟ್ಟಾಗಿ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಎಲ್ಲ ಠೇವಣಿದಾರರಿಗೂ ಪೂರ್ತಿ ಹಣ ಸಿಗುತ್ತದೆ ಎಂದ ಮೇಲೆ. ಕಾನೂನಿನ ಪ್ರಕಾರ ವಿಮೆ ಇದ್ದದ್ದು 2.5 ಲಕ್ಷ ಡಾಲರ್‌ವರೆಗೆ ಮಾತ್ರ. 330 ಕೋಟಿ ಡಾಲರ್‌ಗೆ ಅದು ಯಾವ ಮೂಲೆಗೆ? ಸರ್ಕಾರ ವಿಶೇಷ ಅಧಿಕಾರ ಬಳಸಿ ಮಾಡಿದ ತೀರ್ಮಾನವೇ ಯುಎಸ್‌ಡಿಸಿಯನ್ನೂ ದಡ ಸೇರಿಸಿತು. ಡಾಲರ್‌ಗೆ ಬ್ಯಾಂಕುಗಳ ಹಂಗಿಲ್ಲದ ಪರ್ಯಾಯ ಎಂದು ಕ್ರಿಪ್ಟೊವನ್ನು ನಂಬಿದ್ದವರಿಗೆ ಇದು ಮುಜುಗರದ ಸಂಗತಿ.

ಒಳ್ಳೆಯ ಮೀಸಲಿನಲ್ಲೂ ಬಿರುಕು

ಯುಎಸ್‌ಡಿಸಿಯ ಮೀಸಲು ಕಳಪೆಯಾಗಿರಲಿಲ್ಲ. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮೂರು ತಿಂಗಳೊಳಗೆ ತೀರುವ ಅಮೆರಿಕ ಸರ್ಕಾರದ ಟ್ರೆಷರಿ ಬಿಲ್‌ಗಳಲ್ಲಿತ್ತು. ಬಡ್ಡಿ ದರ ಏರಿದಾಗ ಹಳೆಯ ಬಾಂಡುಗಳ ಬೆಲೆ ಇಳಿಯುತ್ತದೆ. ಅವಧಿ ಉದ್ದವಿದ್ದಷ್ಟೂ ಇಳಿತ ಹೆಚ್ಚು. ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದೇ ದೀರ್ಘಾವಧಿ ಬಾಂಡುಗಳಿಂದ. ಅವುಗಳನ್ನು ಮಾರಿ 180 ಕೋಟಿ ಡಾಲರ್ ನಷ್ಟವಾಯಿತೆಂದು ಅದು ಪ್ರಕಟಿಸಿದ ಮರುದಿನ, ಒಂದೇ ದಿನದಲ್ಲಿ, ಗ್ರಾಹಕರು 4,200 ಕೋಟಿ ಡಾಲರ್ ಹಿಂಪಡೆಯಲು ಮುಗಿಬಿದ್ದರು. ಸರ್ಕಲ್ ಬಳಿ ಇದ್ದ ಬಿಲ್‌ಗಳಿಗೆ ಆ ತೊಂದರೆ ಇರಲಿಲ್ಲ. ಅತ್ಯಂತ ಸುರಕ್ಷಿತ ಎಂದು ಕಾಣುವ ನಗದಿನ ಪಾಲೇ ಅದನ್ನು ಕಾಡಿತು, ಏಕೆಂದರೆ ಬ್ಯಾಂಕಿನಲ್ಲಿಟ್ಟ ನಗದು ಎಂದರೆ ಆ ಬ್ಯಾಂಕಿಗೆ ಕೊಟ್ಟ ಸಾಲ. ಹಣ ಹೊರಗೆ ಸಾಗಿಸುವಂತೆ ಸರ್ಕಲ್ ಗುರುವಾರವೇ ಸೂಚಿಸಿತ್ತು. ವರ್ಗಾವಣೆ ಪೂರ್ತಿಯಾಗುವ ಮೊದಲೇ ಬ್ಯಾಂಕು ಮುಚ್ಚಿತು.

ಬಿರುಕು ಅಲ್ಲಿಗೇ ನಿಲ್ಲಲಿಲ್ಲ. ಡಾಯ್ ಎಂಬ ಇನ್ನೊಂದು ಸ್ಟೇಬಲ್‌ಕಾಯಿನ್ ಸಿಲಿಕಾನ್ ವ್ಯಾಲಿ ಬ್ಯಾಂಕನ್ನು ನೇರವಾಗಿ ನೆಚ್ಚಿರಲಿಲ್ಲ, ಆದರೆ ಅದರ ಅಡಮಾನದ ದೊಡ್ಡ ಭಾಗ ಯುಎಸ್‌ಡಿಸಿಯೇ ಆಗಿತ್ತು. ಅದೂ 90 ಸೆಂಟ್ ಆಸುಪಾಸಿಗೆ ಜಾರಿತು.

ಇದೇ ಗಲಿಬಿಲಿಯಲ್ಲಿ ಹಲವರು ಟೆದರ್ ಎಂಬ ಮತ್ತೊಂದು ಸ್ಟೇಬಲ್‌ಕಾಯಿನ್‌ಗೆ ಓಡಿದರು. ಅದರ ಬೆಲೆ ಡಾಲರ್‌ಗಿಂತ ತುಸು ಮೇಲೇ ಹೋಯಿತು. ಆದರೆ ಟೆದರ್‌ನ ಚರಿತ್ರೆ ನೋಡಿದವರಿಗೆ ಇನ್ನೊಂದು ಬಗೆಯ ಬಿರುಕು ಕಾಣುತ್ತದೆ. 2017ರ ಸೆಪ್ಟೆಂಬರ್ 15ರಂದು ಅದರ ಮೀಸಲಿನ ಪರಿಶೀಲನೆ ನಡೆಯಬೇಕಿತ್ತು. ಅದೇ ಬೆಳಗ್ಗೆ ಟೆದರ್ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು, ಸೋದರ ಸಂಸ್ಥೆ ಬಿಟ್‌ಫೈನೆಕ್ಸ್ ಖಾತೆಯಿಂದ 38.2 ಕೋಟಿ ಡಾಲರ್ ಅಲ್ಲಿಗೆ ಹಾಕಲಾಯಿತು ಎಂದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿಯ ತನಿಖೆ ಹೇಳಿತು. ತಪ್ಪು ಒಪ್ಪಿಕೊಳ್ಳದೆಯೇ ಎರಡೂ ಕಂಪನಿಗಳು 2021ರಲ್ಲಿ 1.85 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡವು. ಒಂದು ದಿನದ ಮಟ್ಟಿಗೆ ಕೊಟ್ಟ ದೃಢೀಕರಣ ಆ ದಿನದ ಫೋಟೊ ಮಾತ್ರ. ಹಿಂದಿನ ದಿನ, ಮರುದಿನ ಏನಿತ್ತು ಎಂದು ಅದು ಹೇಳುವುದಿಲ್ಲ.

ಕಾನೂನು ಮುಚ್ಚಿದ್ದು, ಬಿಟ್ಟದ್ದು

2025ರ ಜುಲೈನಲ್ಲಿ ಅಮೆರಿಕ ಸ್ಟೇಬಲ್‌ಕಾಯಿನ್‌ಗಳಿಗಾಗಿ ಜೀನಿಯಸ್ ಕಾಯ್ದೆ ತಂದಿತು. ಪ್ರತಿ ನಾಣ್ಯಕ್ಕೂ ಸಮನಾದ ಮೀಸಲು ಇರಬೇಕು. ಟ್ರೆಷರಿ ಬಿಲ್‌ಗಳ ಉಳಿದ ಅವಧಿ 93 ದಿನ ಮೀರಬಾರದು. ಮೀಸಲಿನಲ್ಲಿ ಏನೇನಿದೆ ಎಂದು ಪ್ರತಿ ತಿಂಗಳು ಪ್ರಕಟಿಸಿ ಲೆಕ್ಕಪರಿಶೋಧಕರಿಂದ ಪರೀಕ್ಷೆ ಮಾಡಿಸಬೇಕು. ಆದರೆ ಬ್ಯಾಂಕ್ ಠೇವಣಿಯೂ ಒಪ್ಪಿತ ಮೀಸಲೇ. ವಿಮೆ ಮಿತಿ ದಾಟಿದ ಠೇವಣಿಯ ಅಪಾಯವನ್ನು ಈ ಕಾಯ್ದೆ ಇಲ್ಲವಾಗಿಸಿಲ್ಲ.

ಆದ್ದರಿಂದ ಮೀಸಲಿನ ಮಾಸಿಕ ವರದಿ ಕೈಗೆ ಬಂದಾಗ ಒಟ್ಟು ಮೊತ್ತದ ಸಾಲಿಗಿಂತ ಮೊದಲು ನಗದಿನ ಸಾಲನ್ನು ನೋಡಬೇಕು: ಎಷ್ಟಿದೆ, ಎಷ್ಟು ಬ್ಯಾಂಕುಗಳಲ್ಲಿ ಹಂಚಿದೆ, ಅವುಗಳ ಹೆಸರು ಹೇಳಿದ್ದಾರೆಯೇ? ಆಮೇಲೆ ನಾಣ್ಯ ಮರಳಿಸುವ ನಿಯಮ ಓದಬೇಕು. ಟೆದರ್‌ನಲ್ಲಿ ನೇರವಾಗಿ ಮರಳಿಸಲು ಕನಿಷ್ಠ 1 ಲಕ್ಷ ಡಾಲರ್ ಮೌಲ್ಯದ ನಾಣ್ಯ ಬೇಕೆಂಬ ನಿಯಮವಿದೆ. ಐನೂರು ನಾಣ್ಯ ಇಟ್ಟುಕೊಂಡವನಿಗೆ ಆ ಬಾಗಿಲು ಯಾವ ದಿನವೂ ತೆರೆಯುವುದಿಲ್ಲ. ಮೀಸಲು ಎಷ್ಟೇ ಗಟ್ಟಿಯಿರಲಿ, ಅವನಿಗೆ ದಕ್ಕುವುದು ಆ ಹೊತ್ತಿಗೆ ಎಕ್ಸ್‌ಚೇಂಜಿನಲ್ಲಿ ಇನ್ನೊಬ್ಬ ಕೊಡಲು ಒಪ್ಪುವ ಬೆಲೆ ಮಾತ್ರ.