ವಿದೇಶದಿಂದ ಬಂದ ಮೊದಲ ಎನ್‌ಕ್ವೈರಿಗೆ ಉತ್ತರ ಬರೆಯುವ ಬಗೆ

ಚನ್ನಪಟ್ಟಣದ ಒಂದು ಮರದ ಆಟಿಕೆ ಘಟಕಕ್ಕೆ ಬ್ರಿಟನ್ನಿನಿಂದ ಇಂಥದೊಂದು ಇ-ಮೇಲ್ ಬಂದಿದೆ ಎಂದುಕೊಳ್ಳಿ: ‘ನಾವು ಮಕ್ಕಳ ಸಾಮಾನುಗಳನ್ನು ಆಮದು ಮಾಡಿ ಅಂಗಡಿಗಳಿಗೆ ಕೊಡುತ್ತೇವೆ. ನಿಮ್ಮ ಕ್ಯಾಟಲಾಗ್ ಕಳಿಸಿ. ಕನಿಷ್ಠ ಆರ್ಡರ್ ಎಷ್ಟು, ಪಾವತಿಯ ಷರತ್ತು ಏನು ತಿಳಿಸಿ.’ ಕೆಳಗೆ ಒಂದು ಹೆಸರು, ಹುದ್ದೆ, ಕಂಪನಿಯ ವಿಳಾಸ. ಅಷ್ಟೇ.

ಪತ್ರ ಇಷ್ಟು ಚಿಕ್ಕದಾಗಿದೆ ಎಂಬ ಒಂದೇ ಕಾರಣಕ್ಕೆ ಅನುಮಾನಪಡಬೇಕಾಗಿಲ್ಲ. ನಿಜವಾದ ಖರೀದಿದಾರರೂ ಹೀಗೇ ಬರೆಯುತ್ತಾರೆ, ಒಂದೇ ಪತ್ರವನ್ನು ಹತ್ತು ಕಡೆ ಕಳಿಸಿರುತ್ತಾರೆ. ಆ ಹತ್ತರಲ್ಲಿ ಯಾರು ಬೇಗ ಮತ್ತು ಸ್ಪಷ್ಟವಾಗಿ ಉತ್ತರಿಸುತ್ತಾರೋ ಅವರ ಜೊತೆ ಮಾತು ಮುಂದುವರಿಯುತ್ತದೆ. ಹಾಗಾಗಿ ಮೂರೂ ಪ್ರಶ್ನೆಗಳಿಗೆ ಮೊದಲ ಪತ್ರದಲ್ಲೇ ಉತ್ತರ ಕೊಡಬೇಕು. ‘ಮೊದಲು ನಿಮ್ಮ ವಿವರ ಕೊಡಿ, ಆಮೇಲೆ ಕ್ಯಾಟಲಾಗ್’ ಎಂದರೆ ಒಳ್ಳೆಯ ಗಿರಾಕಿ ಪಕ್ಕದ ಘಟಕಕ್ಕೆ ಹೋಗುತ್ತಾನೆ. ಆದರೆ ಆ ಉತ್ತರದಿಂದ ನಿಮ್ಮ ಕೈಯಿಂದ ಏನೂ ಜಾರಬಾರದು. ಎದುರಿಗಿರುವವರು ಯಾರೆಂದು ತಿಳಿಯುವ ಪ್ರಶ್ನೆಗಳೂ ಅದರೊಳಗೇ ಇರಬೇಕು.

ಬರೆಯುವ ಮೊದಲು ಅರ್ಧ ಗಂಟೆ ಹುಡುಕಾಟಕ್ಕೆ ಇಟ್ಟುಕೊಳ್ಳಿ. ಬ್ರಿಟನ್ನಿನ ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯ ಹೆಸರು ಕಂಪನೀಸ್ ಹೌಸ್. ಅದರ ಜಾಲತಾಣದಲ್ಲಿ ಯಾವ ಕಂಪನಿಯ ಹೆಸರು ಹಾಕಿದರೂ ಅದು ಯಾವಾಗ ಶುರುವಾಯಿತು, ನಿರ್ದೇಶಕರು ಯಾರು, ಯಾವ ಬಗೆಯ ವ್ಯಾಪಾರ, ಲೆಕ್ಕಪತ್ರ ಸಲ್ಲಿಸಿದೆಯೇ ಎಂಬುದೆಲ್ಲ ಉಚಿತವಾಗಿ ಸಿಗುತ್ತದೆ. ಆರು ವರ್ಷದಿಂದ ನಡೆಯುತ್ತಿರುವ, ಪ್ರತಿ ವರ್ಷ ಲೆಕ್ಕ ಕೊಟ್ಟಿರುವ ಸಗಟು ವ್ಯಾಪಾರದ ಕಂಪನಿ ಎಂದು ಕಂಡರೆ ಒಳ್ಳೆಯದು. ಕಳೆದ ತಿಂಗಳಷ್ಟೇ ನೋಂದಾಯಿತವಾದ ಕಂಪನಿ ಐವತ್ತು ಸಾವಿರ ಆಟಿಕೆ ಬೇಕೆನ್ನುತ್ತಿದ್ದರೆ ಎಚ್ಚರ ಬೇಕು.

ಆದರೆ ಇಲ್ಲಿಗೇ ನಿಲ್ಲಿಸುವವರು ಮೋಸ ಹೋಗುತ್ತಾರೆ. ಬ್ರಿಟನ್ನಿನ ಹೆಸರಿನಲ್ಲಿ ನಡೆಯುವ ವಂಚನೆಗಳಲ್ಲಿ ಒಂದು ಬಗೆ ಹೀಗಿದೆ: ಕಂಪನಿ ನಿಜವಾದದ್ದೇ, ಹೆಸರುವಾಸಿ ಅಂಗಡಿಯೂ ಆಗಿರಬಹುದು, ಪತ್ರ ಬರೆದವನು ಮಾತ್ರ ಅಲ್ಲಿಯವನಲ್ಲ. ಅವನು ಆ ಹೆಸರಿನಲ್ಲಿ ಸಾಲಕ್ಕೆ ಸರಕು ತರಿಸಿ ಬೇರೊಂದು ಗೋದಾಮಿನಲ್ಲಿ ಇಳಿಸಿಕೊಂಡು ಕಾಣೆಯಾಗುತ್ತಾನೆ. ಆದ್ದರಿಂದ ಇ-ಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗವನ್ನು ಕಂಪನಿಯ ಜಾಲತಾಣದ ಹೆಸರಿನ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದು ಅಡ್ಡಗೆರೆ, ಒಂದು ಹೆಚ್ಚಿನ ಅಕ್ಷರ, ಕೊನೆಯಲ್ಲಿ .co.uk ಬದಲು .com ಇದ್ದರೂ ಅದು ಬೇರೆಯದೇ ವಿಳಾಸ. ಬಳಿಕ ಜಾಲತಾಣದಲ್ಲಿ ಸಿಕ್ಕ ಫೋನ್ ನಂಬರಿಗೆ ಕರೆ ಮಾಡಿ, ಈ ಹೆಸರಿನ ಖರೀದಿ ಅಧಿಕಾರಿ ಇದ್ದಾರೆಯೇ ಎಂದು ಕೇಳಿ. ಪತ್ರದಲ್ಲೇ ಕೊಟ್ಟಿರುವ ನಂಬರಿಗೆ ಕರೆ ಮಾಡಿ ಪ್ರಯೋಜನವಿಲ್ಲ, ಅಲ್ಲಿ ಎತ್ತುವವನು ಅವನೇ.

‘ನಮಗೆ ಬೇಕಾದ ಮಾದರಿಗಳು ಈ ಲಿಂಕಿನಲ್ಲಿವೆ, ನಿಮ್ಮ ಇ-ಮೇಲ್ ಪಾಸ್‌ವರ್ಡ್ ಹಾಕಿ ನೋಡಿ’ ಎಂದಿದ್ದರೆ ಅಲ್ಲಿಗೇ ಬಿಡಿ. ಅದು ಪಾಸ್‌ವರ್ಡ್ ಕದಿಯುವ ಕೆಲಸ.

ಇನ್ನು ಉತ್ತರ. ಕ್ಯಾಟಲಾಗನ್ನು ಪಿಡಿಎಫ್ ರೂಪದಲ್ಲಿ, ಇ-ಮೇಲಿನಲ್ಲಿ ಸುಲಭವಾಗಿ ಇಳಿಯುವಷ್ಟು ಚಿಕ್ಕದಾಗಿ ಕಳಿಸಿ. ಪ್ರತಿ ಆಟಿಕೆಗೂ ಒಂದು ಕೋಡ್ ನಂಬರ್, ಅಳತೆ ಮಿಲಿಮೀಟರಿನಲ್ಲಿ, ತೂಕ, ಮರ ಯಾವುದು, ಬಣ್ಣ ಯಾವುದು, ಎಷ್ಟು ವಯಸ್ಸಿನ ಮಗುವಿಗೆ ಎಂಬ ವಿವರ ಇರಲಿ. ‘ಆಲೆ ಮರ, ಅರಗಿನ ಮೆರುಗು, ಅರಿಶಿನದಂಥ ಸಸ್ಯಮೂಲದ ಬಣ್ಣ’ ಎಂದು ಬರೆಯುವುದಾದರೆ ಎಲ್ಲ ಬಣ್ಣವೂ ಹಾಗೇ ಇರಬೇಕು. ಅಲ್ಲಿ ಪ್ರಯೋಗಾಲಯದಲ್ಲಿ ತಿಳಿಯುತ್ತದೆ. ಬೆಲೆಯನ್ನು ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಬೇಡಿ. ಬೇರೆ ಹಾಳೆಯಲ್ಲಿ, ಮೇಲೆ ದಿನಾಂಕ ಹಾಕಿ, ‘30 ದಿನ ಮಾನ್ಯ, ಎಫ್‌ಒಬಿ ಚೆನ್ನೈ’ ಎಂದು ಬರೆದು ಕೊಡಿ. ಎಫ್‌ಒಬಿ ಎಂದರೆ ಚೆನ್ನೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ನಿಮ್ಮದು, ಮುಂದಿನ ಹಡಗು ಬಾಡಿಗೆ ಮತ್ತು ವಿಮೆ ಅವರದು. ಹಡಗು ಬಾಡಿಗೆ ಏರಿಳಿಯುತ್ತಲೇ ಇರುವುದರಿಂದ ಮೊದಲ ಪತ್ರದಲ್ಲೇ ಅವರ ಬಾಗಿಲಿನ ದರ ಹೇಳುವುದು ಜಾಣತನವಲ್ಲ. ಇನ್ನೂ ಮಾರುಕಟ್ಟೆಗೆ ಬಾರದ ಹೊಸ ವಿನ್ಯಾಸಗಳು ಈ ಹಂತದಲ್ಲಿ ಹೊರಗೆ ಹೋಗಕೂಡದು.

ಕನಿಷ್ಠ ಆರ್ಡರ್ ಎಷ್ಟೆಂಬುದಕ್ಕೆ ಬಹಳ ಮಂದಿ ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಾರೆ, ಗಿರಾಕಿ ಸ್ವಲ್ಪ ಜಗ್ಗಿದರೆ ಅರ್ಧಕ್ಕೆ ಇಳಿಯುತ್ತಾರೆ. ಹಾಗೆ ಇಳಿದ ಮೇಲೆ ನಿಮ್ಮ ಬೆಲೆಯನ್ನೂ ಅವರು ನಂಬುವುದಿಲ್ಲ. ಅದನ್ನು ಲೆಕ್ಕದಿಂದಲೇ ತೆಗೆಯಬೇಕು. ಒಂದು ಕನ್ಸೈನ್‌ಮೆಂಟ್ ಚಿಕ್ಕದಿರಲಿ ದೊಡ್ಡದಿರಲಿ, ಕಸ್ಟಮ್ಸ್ ಏಜೆಂಟರ ಶುಲ್ಕ, ಕಾಗದಪತ್ರ, ಬ್ಯಾಂಕ್ ಶುಲ್ಕ, ಚೆನ್ನೈವರೆಗಿನ ಸಾಗಣೆ, ಬಂದರಿನ ಖರ್ಚು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅದೆಲ್ಲ ಸೇರಿ 40,000 ರೂಪಾಯಿ ಎಂದಿಟ್ಟುಕೊಳ್ಳಿ. 250 ರೂಪಾಯಿಯ ಗಿಲಕಿ 200 ಮಾತ್ರ ಕಳಿಸಿದರೆ ಒಂದೊಂದರ ಮೇಲೆ 200 ರೂಪಾಯಿ ಹೊರೆ ಬೀಳುತ್ತದೆ. 700 ಕಳಿಸಿದರೆ ಅದು 57 ರೂಪಾಯಿಗೆ ಇಳಿಯುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ. ಪೂರ್ತಿ ಕಂಟೇನರ್ ತುಂಬದ ಸರಕಿಗೆ ಹಡಗು ಬಾಡಿಗೆಯನ್ನು ಘನ ಮೀಟರ್ ಲೆಕ್ಕದಲ್ಲಿ ಹಾಕುತ್ತಾರೆ, ಸಾಮಾನ್ಯವಾಗಿ ಕನಿಷ್ಠ ಒಂದು ಘನ ಮೀಟರಿನ ಬಾಡಿಗೆ ಕೊಡಲೇಬೇಕು. 40 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ 15 ಪೆಟ್ಟಿಗೆ ಸುಮಾರು ಒಂದು ಘನ ಮೀಟರ್ ಆಗುತ್ತದೆ. ಪೆಟ್ಟಿಗೆಗೆ 48 ಗಿಲಕಿ ಹಿಡಿದರೆ 720. ಎರಡು ಲೆಕ್ಕವೂ ಏಳುನೂರರ ಆಸುಪಾಸಿಗೇ ಬಂದವು.

ಹಾಗಾದರೆ ಒಂದೇ ನಮೂನೆ 700 ಕೊಳ್ಳಬೇಕೇ? ಹೊಸ ಗಿರಾಕಿಗೆ ಅದು ಭಾರ, ಯಾವುದು ಮಾರಾಟವಾಗುತ್ತದೆಂದು ಅವರಿಗೂ ಇನ್ನೂ ಗೊತ್ತಿಲ್ಲ. ಲೇತ್ ಮೇಲೆ ಒಂದು ನಮೂನೆಗೆ ಕೈ ಕುದುರಿ, ಒಂದು ಬಣ್ಣದ ಅರಗಿನ ಕಡ್ಡಿ ಮಾಡಿಕೊಂಡರೆ ನೂರಾದರೂ ತಿರುಗಿಸಿದಾಗಲೇ ಕೂಲಿ ಗಿಟ್ಟುತ್ತದೆ ಎಂದಾದರೆ, ‘ಒಟ್ಟು 700, ಒಂದೊಂದು ನಮೂನೆ ಮತ್ತು ಬಣ್ಣಕ್ಕೆ ಕನಿಷ್ಠ 100’ ಎಂದು ಎರಡು ಭಾಗದಲ್ಲಿ ಹೇಳಿ. ಗಿರಾಕಿಗೆ ಏಳು ಬಗೆ ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ, ನಿಮ್ಮ ಲೆಕ್ಕವೂ ಕೆಡುವುದಿಲ್ಲ. ಇನ್ನೂ ಕಡಿಮೆ ಬೇಕೆಂದರೆ ಸಂಖ್ಯೆ ಇಳಿಸಿ, ಆದರೆ ಆ ಹೊರೆಯನ್ನು ಬೆಲೆಗೆ ಸೇರಿಸಿ. ತಲುಪಿಸುವ ಅವಧಿಯನ್ನೂ ಇಲ್ಲೇ ಹೇಳಬೇಕು. ಹಸಿ ಮರದಲ್ಲಿ ಅವಸರದಿಂದ ಮಾಡಿದ ಆಟಿಕೆ ಬ್ರಿಟನ್ನಿನ ಹೀಟರ್ ಹಾಕಿದ ಮನೆಗಳ ಒಣ ಗಾಳಿಗೆ ಸೀಳು ಬಿಡುತ್ತದೆ. ಮರ ಒಣಗಲು ಬೇಕಾದ ದಿನಗಳನ್ನು ಸೇರಿಸಿ, ‘ಮುಂಗಡ ಬಂದ ದಿನದಿಂದ 60 ದಿನ’ ಎಂಬಂತೆ ಬರೆಯಿರಿ. ‘ಆರ್ಡರ್ ದಿನದಿಂದ’ ಎಂದು ಬರೆದರೆ ಮುಂಗಡ ತಡವಾದರೂ ಗಡುವು ಓಡುತ್ತಿರುತ್ತದೆ.

ಪಾವತಿಯ ವಿಷಯ. ಅಪರಿಚಿತರ ಮೊದಲ ಆರ್ಡರಿಗೆ ಚಾಲ್ತಿಯಲ್ಲಿರುವ ರೀತಿ: 30 ಪ್ರತಿಶತ ಮುಂಗಡ, ಉಳಿದ 70 ಪ್ರತಿಶತ ಹಡಗಿಗೆ ಏರಿಸಿದ ಮೇಲೆ, ಬಿಲ್ ಆಫ್ ಲೇಡಿಂಗಿನ ಪ್ರತಿ ನೋಡಿ. ಈ ಬಿಲ್ ಬರಿಯ ರಸೀದಿಯಲ್ಲ. ಅದನ್ನು ‘ಟು ಆರ್ಡರ್’ ಎಂದು ಮಾಡಿಸಿದರೆ ಅದರ ಮೂಲಪ್ರತಿ ಕೊಟ್ಟವರಿಗೆ ಮಾತ್ರ ಅಲ್ಲಿನ ಬಂದರಿನಲ್ಲಿ ಸರಕು ಸಿಗುತ್ತದೆ. ನೀವು ಸ್ಕ್ಯಾನ್ ಪ್ರತಿ ಕಳಿಸುತ್ತೀರಿ, ಸರಕು ಹೊರಟಿದೆ ಎಂದು ಅವರಿಗೆ ಖಾತ್ರಿಯಾಗುತ್ತದೆ. ಹಣ ನಿಮ್ಮ ಖಾತೆಗೆ ಬಂದ ಮೇಲೆ ಮೂಲಪ್ರತಿ ಕೊರಿಯರ್ ಮಾಡುತ್ತೀರಿ. ಹಣಕ್ಕೆ ಮೊದಲೇ ‘ಸೀ ವೇಬಿಲ್ ಮಾಡಿಸಿ’ ಅಥವಾ ‘ಟೆಲೆಕ್ಸ್ ರಿಲೀಸ್ ಕೊಡಿ’ ಎಂದು ಕೇಳಿದರೆ ಒಪ್ಪಬಾರದು, ಎರಡರಲ್ಲೂ ಮೂಲಪ್ರತಿ ಇಲ್ಲದೆಯೇ ಸರಕು ಕೈ ಸೇರುತ್ತದೆ. ವಿಮಾನದಲ್ಲಿ ಕಳಿಸುವಾಗ ಈ ರಕ್ಷಣೆಯೇ ಇಲ್ಲ. ಏರ್‌ವೇ ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಸರಕು ಹೋಗುತ್ತದೆ. ಆದ್ದರಿಂದ ವಿಮಾನದ ಸರಕಿಗೆ ಪೂರ್ತಿ ಹಣ ಮೊದಲೇ ಎಂದು ಪತ್ರದಲ್ಲೇ ಬೇರೆಯಾಗಿ ಬರೆಯಿರಿ.

ಮೂವತ್ತು ಪ್ರತಿಶತವೇ ಏಕೆ? ಗಿರಾಕಿ ನಡುವೆ ಕೈಬಿಟ್ಟರೆ ಸರಕು ಅಲ್ಲಿನ ಬಂದರಿನಲ್ಲಿ ದಿನಬಾಡಿಗೆ ತಿನ್ನುತ್ತಾ ಕೂರುತ್ತದೆ. ಅದನ್ನು ವಾಪಸು ತರಿಸಲು ಅಥವಾ ಸೋಡಿಗೆ ಬೇರೆಯವರಿಗೆ ಕೊಡಲು ಆಗುವ ನಷ್ಟವನ್ನು ಮುಂಗಡ ತಡೆದುಕೊಳ್ಳಬೇಕು. ಆಟಿಕೆಯ ಮೇಲೆ ಅವರದೇ ಬ್ರ್ಯಾಂಡಿನ ಹೆಸರು ಹಾಕಿಸುವುದಾದರೆ ಅದನ್ನು ಬೇರೆಯವರಿಗೆ ಮಾರಲಾಗದು, ಹಾಗಾಗಿ ಮುಂಗಡ 50 ಕೇಳಬಹುದು. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ದೊಡ್ಡ ಮೊತ್ತಕ್ಕೆ ಒಳ್ಳೆಯ ಭದ್ರತೆ, ಆದರೆ ಒಂದೂಮುಕ್ಕಾಲು ಲಕ್ಷದ ಇಂಥ ಆರ್ಡರಿಗೆ ಎರಡೂ ಕಡೆಯ ಬ್ಯಾಂಕ್ ಶುಲ್ಕವೇ ಲಾಭವನ್ನು ನುಂಗುತ್ತದೆ. 60 ಅಥವಾ 90 ದಿನದ ಸಾಲ ಕೇಳಿದರೆ ಮೊದಲ ಆರ್ಡರಿಗೆ ಇಲ್ಲ ಎನ್ನಿ. ಮುಂದೆಂದಾದರೂ ಕೊಡುವಾಗ ರಫ್ತು ವಿಮೆ ಮಾಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ಮೂಲಕ ಆ ಖರೀದಿದಾರರಿಗೆ ಎಷ್ಟು ಮಿತಿ ಸಿಗುತ್ತದೆ ಎಂದು ನೋಡಿಕೊಂಡು ಕೊಡಿ.

ಈಗ ನೀವು ಕೇಳಬೇಕಾದ ಪ್ರಶ್ನೆಗಳು. ಯಾವ ಕೋಡ್ ನಂಬರಿನ ಆಟಿಕೆಗಳಲ್ಲಿ ಆಸಕ್ತಿ, ಯಾವ ಬಂದರಿಗೆ ಬೇಕು, ಯಾವಾಗ ಬೇಕು, ಅಂಗಡಿಗಳಲ್ಲಿ ಯಾರ ಹೆಸರಿನಲ್ಲಿ ಮಾರುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಬ್ರಿಟನ್ನಿನಲ್ಲಿ ಆಟಿಕೆ ಮಾರಬೇಕಾದರೆ ಸುರಕ್ಷತೆಯ ನಿಯಮಗಳಿವೆ, ಅವಕ್ಕೆ ಇಎನ್ 71 ಎಂಬ ಪರೀಕ್ಷಾ ಮಾನದಂಡಗಳನ್ನು ಅನುಸರಿಸುತ್ತಾರೆ. ಮಗು ಬಾಯಿಗೆ ಹಾಕಿಕೊಂಡರೆ ಚೂರು ಕಳಚುತ್ತದೆಯೇ, ಬೆಂಕಿ ಹೇಗೆ ಹಿಡಿಯುತ್ತದೆ, ಬಣ್ಣದಿಂದ ಸೀಸದಂಥ ವಸ್ತು ಹೊರಬರುತ್ತದೆಯೇ ಎಂಬ ಪರೀಕ್ಷೆಗಳವು. ನಿಮ್ಮ ಹೆಸರಿನಲ್ಲಿ ಮಾರಿದರೆ ಪರೀಕ್ಷೆಯ ದಾಖಲೆ ಮತ್ತು ನಿಯಮಕ್ಕೆ ಅನುಗುಣವಾಗಿದೆ ಎಂಬ ಘೋಷಣೆ ಕೊಡುವ ಹೊಣೆ ನಿಮ್ಮದು. ಅವರ ಹೆಸರಿನಲ್ಲಿ ಮಾರಿದರೆ ಕಾನೂನಿನ ಕಣ್ಣಿಗೆ ತಯಾರಕರು ಅವರೇ. ಪರೀಕ್ಷೆಯ ಖರ್ಚು ಯಾರದು ಎಂಬ ಮಾತು ಇಲ್ಲಿಂದಲೇ ಶುರುವಾಗುತ್ತದೆ.

ನನ್ನ ಮಟ್ಟಿಗೆ ಗಿರಾಕಿ ನಿಜವೇ ಎಂದು ಹೇಳುವ ಅತ್ಯುತ್ತಮ ಗುರುತು ಇದೇ. ಆಟಿಕೆ ತರಿಸಿ ಅನುಭವವಿರುವ ಕಂಪನಿ ಎರಡನೇ ಪತ್ರದಲ್ಲೇ ಪರೀಕ್ಷಾ ವರದಿ ಕೇಳುತ್ತದೆ, ಮೂರು ವರ್ಷದೊಳಗಿನ ಮಕ್ಕಳಿಗೆ ಯಾವುದು ಸಲ್ಲುತ್ತದೆ ಎಂದು ವಿಚಾರಿಸುತ್ತದೆ, ಬೆಲೆಗೆ ಚೌಕಾಸಿ ಮಾಡುತ್ತದೆ. ವಂಚಕರಿಗೆ ಇವ್ಯಾವುದೂ ಬೇಡ. ಅವರು ಬೆಲೆಯನ್ನು ಮರುಮಾತಿಲ್ಲದೆ ಒಪ್ಪುತ್ತಾರೆ, ಪ್ರಮಾಣ ದೊಡ್ಡದು ಹೇಳುತ್ತಾರೆ, ಆಮೇಲೆ ಟೆಂಡರ್ ನೋಂದಣಿ ಶುಲ್ಕ, ವಕೀಲರ ಶುಲ್ಕ ಎಂದು ನಿಮ್ಮಿಂದಲೇ ಹಣ ಕೇಳುತ್ತಾರೆ. ಕೊಳ್ಳುವವನು ಮಾರುವವನಿಂದ ಹಣ ಕೇಳಿದ ಕ್ಷಣ ಪತ್ರವ್ಯವಹಾರ ನಿಲ್ಲಿಸಿ.

ಸ್ಯಾಂಪಲ್ ಕೇಳಿದರೆ ಕೊಡಿ, ಬಿಟ್ಟಿ ಕೊಡಬೇಡಿ. ಆಟಿಕೆಯ ಬೆಲೆ ಮತ್ತು ಕೊರಿಯರ್ ಖರ್ಚು ಮುಂಚೆ ಪಡೆದು, ಮೊದಲ ಆರ್ಡರಿನಲ್ಲಿ ಆಟಿಕೆಯ ಬೆಲೆ ಕಳೆಯುತ್ತೇವೆ ಎಂದು ಬರೆದರೆ ನಿಜವಾದ ಗಿರಾಕಿ ಬೇಸರಿಸುವುದಿಲ್ಲ. ಕಳಿಸಿದ್ದರ ಜೋಡಿಯೊಂದನ್ನು ದಿನಾಂಕ ಬರೆದು ನಿಮ್ಮಲ್ಲೂ ಇಟ್ಟುಕೊಳ್ಳಿ, ಬಣ್ಣ ಬೇರೆಯಾಯಿತು ಎಂಬ ತಕರಾರು ಬಂದಾಗ ಅದೇ ಸಾಕ್ಷಿ.

ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ಅದರ ಸಾರ ಇಷ್ಟಿದ್ದರೆ ಸಾಕು: ‘ನಿಮ್ಮ ಪತ್ರಕ್ಕೆ ವಂದನೆ. ಕ್ಯಾಟಲಾಗ್ ಮತ್ತು ಈ ತಿಂಗಳ ಎಫ್‌ಒಬಿ ಚೆನ್ನೈ ದರಪಟ್ಟಿ ಲಗತ್ತಿಸಿದ್ದೇವೆ. ಕನಿಷ್ಠ ಆರ್ಡರ್ ಒಟ್ಟು 700, ಪ್ರತಿ ನಮೂನೆ ಮತ್ತು ಬಣ್ಣಕ್ಕೆ 100. ಮೊದಲ ಆರ್ಡರಿಗೆ 30 ಪ್ರತಿಶತ ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗಿನ ಪ್ರತಿಯ ಮೇಲೆ. ವಿಮಾನದ ಸರಕಿಗೆ ಪೂರ್ತಿ ಮುಂಗಡ. ಮುಂಗಡ ಬಂದ ದಿನದಿಂದ 60 ದಿನದಲ್ಲಿ ಸರಕು ಹೊರಡುತ್ತದೆ. ನಿಮಗೆ ಇಷ್ಟವಾದ ಕೋಡ್ ನಂಬರ್, ಬಂದರು, ಬೇಕಾದ ತಿಂಗಳು, ಮಾರುವ ಬ್ರ್ಯಾಂಡಿನ ಹೆಸರು ತಿಳಿಸಿದರೆ ನಿಮ್ಮ ಹೆಸರಿಗೆ ಪ್ರೋಫಾರ್ಮಾ ಇನ್‌ವಾಯ್ಸ್ ಕಳಿಸುತ್ತೇವೆ.’ ಕೆಳಗೆ ನಿಮ್ಮ ಹೆಸರು, ಘಟಕದ ವಿಳಾಸ, ರಫ್ತುದಾರರ ಐಇಸಿ ಸಂಖ್ಯೆ. ಬ್ಯಾಂಕ್ ಖಾತೆಯ ವಿವರ, ಪ್ಯಾನ್ ಪ್ರತಿ ಈ ಪತ್ರಕ್ಕೆ ಬೇಕಿಲ್ಲ.

ಒಂದು ವಾರ ಸದ್ದಿಲ್ಲದಿದ್ದರೆ ಒಮ್ಮೆ ನೆನಪಿಸಿ, ಎರಡನೇ ಸಲ ಬೇಡ. ಉತ್ತರ ಬಂದು ಮಾತು ಕೂಡಿದರೆ ಖಾತೆಯ ವಿವರ ಪ್ರೋಫಾರ್ಮಾ ಇನ್‌ವಾಯ್ಸಿನಲ್ಲಿ ಹೋಗುತ್ತದೆ. ‘ಈ ಖಾತೆ ಬದಲಾಗಿದೆ ಎಂದು ಇ-ಮೇಲ್ ಬಂದರೆ ನಂಬಬೇಡಿ, ನಮಗೆ ಫೋನ್ ಮಾಡಿ’ ಎಂಬ ಒಂದು ಸಾಲನ್ನು ಅದರಲ್ಲೇ ಅಚ್ಚು ಹಾಕಿಸಿ, ಏಕೆಂದರೆ ನಿಮ್ಮ ಇ-ಮೇಲನ್ನೇ ಕದ್ದು ಗಿರಾಕಿಯ ಹಣವನ್ನು ಬೇರೆಡೆಗೆ ತಿರುಗಿಸುವವರಿದ್ದಾರೆ. ಗಿರಾಕಿ ‘ಹಣ ಹಾಕಿದ್ದೇವೆ’ ಎಂದು ಕಳಿಸುವ ಸ್ವಿಫ್ಟ್ ಚೀಟಿಯ ಚಿತ್ರ ನೋಡಿ ಮರ ಕುಯ್ಯಿಸಬೇಡಿ. ನಿಮ್ಮ ಬ್ಯಾಂಕಿನವರು ಮೊತ್ತ ಜಮೆಯಾಗಿದೆ ಎಂದ ಮೇಲೆ ಲೇತ್ ಹತ್ತಿಸಿ.